ಒಂದೇ ಮನೆ, ಎರಡು ಕಾನೂನು: ಆಸ್ತಿ ಯಾರಿಗೆ?

"ಧರ್ಮದ ವೈಯಕ್ತಿಕ ಕಾನೂನು ಮತ್ತು ದೇಶದ ಸಿವಿಲ್ ಕಾನೂನು ಒಟ್ಟಿಗೇ ಇದ್ದಾಗ ಯಾವುದು ನಡೆಯುತ್ತೆ? ಕ್ಲಾಸಿನಲ್ಲಿ ಮಾತಾಡಬೇಕು, ಒಂದು ನಿಜವಾದ ಉದಾಹರಣೆ ಕೊಡ್ತೀರಾ?"

ಕೊಡುತ್ತೇನೆ, ನಮ್ಮ ಪಕ್ಕದ ಕಾಸರಗೋಡಿನದೇ ಇದೆ. ಅಲ್ಲಿನ ವಕೀಲ, ನಟ ಸಿ. ಶುಕ್ಕೂರ್ ಮತ್ತು ಶೀನಾ 1994ರಲ್ಲೇ ಇಸ್ಲಾಂ ಪದ್ಧತಿಯಂತೆ ಮದುವೆಯಾದವರು. ಅದೇ ಗಂಡ ಹೆಂಡತಿ 2023ರ ಮಾರ್ಚ್ 8ರಂದು 1954ರ ವಿಶೇಷ ವಿವಾಹ ಕಾಯ್ದೆಯಡಿ ಮತ್ತೆ ಮದುವೆಯಾದರು. ಅವರಿಗೆ ಮೂವರೂ ಹೆಣ್ಣುಮಕ್ಕಳು. ತಮ್ಮ ನಂತರ ಆಸ್ತಿಯ ಒಂದು ಪಾಲು ಸಹೋದರರ ಕಡೆಗೆ ಹೋಗದೆ, ಪೂರ್ತಿ ಮಕ್ಕಳಿಗೇ ಸಿಗಬೇಕು ಅನ್ನುವುದು ಅವರ ಉದ್ದೇಶ.

ಮದುವೆಗೂ ಆಸ್ತಿಗೂ ಏನು ಸಂಬಂಧ ಅಂತ ಕೇಳಬಹುದು. ಆ ಕಾಯ್ದೆಯ 21ನೇ ಸೆಕ್ಷನ್ನಿನಲ್ಲಿದೆ ಉತ್ತರ. ಈ ಕಾಯ್ದೆಯಡಿ ಮದುವೆಯಾದವರ, ಅವರ ಮಕ್ಕಳ ಆಸ್ತಿ ಹಂಚಿಕೆಗೆ ಧರ್ಮದ ನಿಯಮ ಬರುವುದಿಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಒಬ್ಬ ಸುನ್ನಿ ಮುಸ್ಲಿಂ ವ್ಯಕ್ತಿ ತೀರಿಕೊಂಡ, 24 ಲಕ್ಷದ ಆಸ್ತಿ, ಇರುವವರು ಹೆಂಡತಿ, ಮೂವರು ಹೆಣ್ಣುಮಕ್ಕಳು, ಒಬ್ಬ ತಮ್ಮ ಅಂದುಕೊಳ್ಳಿ. ಷರಿಯತ್ ಪ್ರಕಾರ ಹೆಂಡತಿಗೆ ಎಂಟನೇ ಒಂದು ಪಾಲು, ಅಂದರೆ 3 ಲಕ್ಷ. ಹೆಣ್ಣುಮಕ್ಕಳಿಗೆಲ್ಲ ಸೇರಿ ಮೂರನೇ ಎರಡು, 16 ಲಕ್ಷ. ಉಳಿದ 5 ಲಕ್ಷ ತಮ್ಮನಿಗೆ. ಅದೇ ಮದುವೆ ವಿಶೇಷ ವಿವಾಹ ಕಾಯ್ದೆಗೆ ಬಂದಿದ್ದರೆ ಹೆಂಡತಿಗೆ ಮೂರನೇ ಒಂದು, 8 ಲಕ್ಷ, ಮಕ್ಕಳಿಗೆ ಅದೇ 16 ಲಕ್ಷ, ತಮ್ಮನಿಗೆ ಏನೂ ಇಲ್ಲ. ಗಮನಿಸಿ, ಮಕ್ಕಳ ಪಾಲು ತಕ್ಷಣಕ್ಕೆ ಒಂದು ರೂಪಾಯಿಯೂ ಹೆಚ್ಚಲಿಲ್ಲ, ಹೆಚ್ಚಿದ್ದು ತಾಯಿಯದು. ಆದರೆ ಆಕೆ ಹೋದ ಮೇಲೆ ಅದೂ ಮಕ್ಕಳಿಗೇ ಬರುತ್ತದೆ, ಆಕೆಯ ಅಣ್ಣತಮ್ಮಂದಿರಿಗೆ ಹೋಗುವುದಿಲ್ಲ.

ಸುಮ್ನೆ ಒಂದು ವಿಲ್ ಬರೆದಿಟ್ಟರೆ ಸಾಕಿತ್ತಲ್ವಾ? ಸಾಲದು. ಸುನ್ನಿ ನಿಯಮದಲ್ಲಿ ವಿಲ್ ಮೂಲಕ ಕೊಡಲು ಆಗುವುದೇ ಆಸ್ತಿಯ ಮೂರನೇ ಒಂದು ಭಾಗ, ಅದನ್ನೂ ವಾರಸುದಾರರಲ್ಲಿ ಒಬ್ಬರಿಗೆ ಕೊಡಬೇಕಾದರೆ ಉಳಿದ ವಾರಸುದಾರರು ಒಪ್ಪಬೇಕು. ಬದುಕಿರುವಾಗಲೇ ದಾನ ಮಾಡಬಹುದು, ಆದರೆ ಆಗ ಆಸ್ತಿಯನ್ನು ಕೈಬಿಟ್ಟು ಅವರ ಸ್ವಾಧೀನಕ್ಕೆ ಕೊಡಬೇಕು.

ಈಗಾಗಲೇ ಮದುವೆಯಾದ ಜೋಡಿ ಈ ಕಾಯ್ದೆಯಡಿ ನೋಂದಾಯಿಸಿಕೊಳ್ಳುವುದಕ್ಕೂ ದಾರಿ ಇದೆ. ಇಬ್ಬರಿಗೂ 21 ತುಂಬಿರಬೇಕು, ಬೇರೆ ಸಂಗಾತಿ ಇರಬಾರದು, ಆ ಜಿಲ್ಲೆಯಲ್ಲಿ 30 ದಿನ ವಾಸವಿರಬೇಕು. ಅರ್ಜಿ ಕೊಟ್ಟ ಮೇಲೆ ವಿವಾಹಾಧಿಕಾರಿ ನೋಟಿಸ್ ಹಾಕಿ, ಆಕ್ಷೇಪಣೆಗೆ 30 ದಿನ ಕಾಯುತ್ತಾರೆ. ಧರ್ಮ ಬಿಡಬೇಕಿಲ್ಲ. 1872ರ ಹಳೆಯ ಕಾಯ್ದೆಯಲ್ಲಿ "ನಾನು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಕ್ರೈಸ್ತ ಅಲ್ಲ" ಅಂತ ಘೋಷಿಸಬೇಕಿತ್ತು, 1954ರಲ್ಲಿ ಅದು ಹೋಯಿತು. ನನ್ನ ಮಟ್ಟಿಗೆ ಇದೇ ದೊಡ್ಡ ಬದಲಾವಣೆ: ನಮಾಜೂ ಇರಲಿ, ಆಸ್ತಿಗೆ ಸಿವಿಲ್ ಕಾನೂನೂ ಇರಲಿ ಅನ್ನಬಹುದು.

ಹಾಗಂತ ಸಿವಿಲ್ ಕಾನೂನು ಬಂದರೆ ಎಲ್ಲರಿಗೂ ಲಾಭ ಅಂದುಕೊಳ್ಳಬೇಡಿ. ಮೇಲಿನ ಲೆಕ್ಕದಲ್ಲಿ ಸತ್ತವನ ತಾಯಿಯೂ ಬದುಕಿದ್ದರೆ ಷರಿಯತ್ತಿನಲ್ಲಿ ಆಕೆಗೆ ಆರನೇ ಒಂದು ಪಾಲು, 4 ಲಕ್ಷ. 1925ರ ಕಾಯ್ದೆಯಲ್ಲಿ ಮಕ್ಕಳಿದ್ದರೆ ತಾಯಿಗೆ ಸೊನ್ನೆ! ವಯಸ್ಸಾದ ತಾಯಿಯನ್ನು ಹೀಗೆ ಬರಿಗೈಲಿ ಬಿಡುವುದು ನನಗೆ ಸರಿ ಕಾಣುವುದಿಲ್ಲ. ಇದನ್ನು ಸರಿಪಡಿಸಬೇಕಾದರೆ ವಿಲ್ ಬರೆಯಲೇಬೇಕು.

ಹಿಂದೂಗಳ ಕಡೆ ನೋಡಿದರೆ ಇನ್ನೊಂದು ವಿಚಿತ್ರ. ಇಬ್ಬರೂ ಹಿಂದೂಗಳಾಗಿದ್ದರೆ (ಬೌದ್ಧ, ಸಿಖ್, ಜೈನರೂ ಸೇರಿ) ಈ ಕಾಯ್ದೆಯಡಿ ಮದುವೆಯಾದರೂ ಆಸ್ತಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯೇ ಮುಂದುವರಿಯುತ್ತದೆ, 1976ರಲ್ಲಿ ಹಾಗೆ ತಿದ್ದುಪಡಿ ಮಾಡಿದರು. ಅಲ್ಲಿ ತಾಯಿಗೆ ಹೆಂಡತಿ ಮಕ್ಕಳಷ್ಟೇ ಪಾಲು. ಅದೇ ಹುಡುಗ ಕ್ರೈಸ್ತ ಹುಡುಗಿಯನ್ನು ಈ ಕಾಯ್ದೆಯಡಿ ಮದುವೆಯಾದರೆ ಅವಿಭಕ್ತ ಕುಟುಂಬದಿಂದ ಬೇರೆಯಾದ ಎಂದೇ ಲೆಕ್ಕ, 1925ರ ಕಾಯ್ದೆ ಬರುತ್ತದೆ. ಬೇರೆಯಾದ ಅಂದರೆ ಪಾಲು ಕಳೆದುಕೊಂಡ ಅಂತಲ್ಲ, ಅಲ್ಲಿಯವರೆಗಿನ ಅವನ ಹಕ್ಕು ಅವನಿಗೇ. ಇದನ್ನು ಜನ ಜಾಸ್ತಿ ತಪ್ಪು ತಿಳಿದಿರುತ್ತಾರೆ.

ಹಾಗಾಗಿ ಕ್ಲಾಸಿನಲ್ಲಿ "ಯಾವುದು ಮೇಲು" ಅನ್ನುವ ಬದಲು "ಒಂದರಿಂದ ಇನ್ನೊಂದಕ್ಕೆ ದಾಟಲು ಯಾರಿಗೆ ಬಾಗಿಲಿದೆ" ಅಂತ ಕೇಳಿ. ಈ ಬಾಗಿಲು ಇರುವುದು ಮದುವೆಯ ಮೂಲಕ, ಅದಕ್ಕೆ ಇಬ್ಬರೂ ಒಪ್ಪಬೇಕು. ಒಂಟಿಯಾಗಿ ದಾಟಬೇಕೆನ್ನುವವರ ಗತಿ? ಮುಸ್ಲಿಂ ಕುಟುಂಬದಲ್ಲಿ ಹುಟ್ಟಿ ಧರ್ಮದಲ್ಲಿ ನಂಬಿಕೆ ಇಲ್ಲದ ಕೇರಳದ ಮಹಿಳೆಯೊಬ್ಬರು ತನಗೆ ಷರಿಯತ್ ಬದಲು 1925ರ ಕಾಯ್ದೆ ಅನ್ವಯಿಸಲಿ ಎಂದು ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ. 2024ರಲ್ಲಿ ಕೋರ್ಟ್ ಅದಕ್ಕೆ ಸರ್ಕಾರದ ಉತ್ತರ ಕೇಳಿತು.