ನಾಡಿ ನಿಂತ ಮಾತ್ರಕ್ಕೆ ನರ ಸಿಕ್ಕಿಕೊಂಡಿದೆ ಎಂದಲ್ಲ

ಪ್ರಶ್ನೆ: ಸರ್, ನನಗೆ 31 ವರ್ಷ. ದಾವಣಗೆರೆಯ ಒಂದು ಸೀರೆ ಅಂಗಡಿಯಲ್ಲಿ ಎಂಟು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ದಿನಾ ಮೇಲಿನ ಸಾಲಿಂದ ಸೀರೆ ಇಳಿಸೋದು, ಮಡಚಿ ಮತ್ತೆ ಇಡೋದು. ಆರು ತಿಂಗಳಿಂದ ಬಲಗೈ ಕಿರುಬೆರಳು, ಉಂಗುರ ಬೆರಳು, ಮೊಣಕೈ ಕೆಳಗಿನ ಒಳಪಕ್ಕ ಜೋಮು ಹಿಡಿಯುತ್ತೆ. ಜಡೆ ಹಾಕ್ಕೊಳ್ಳುವಾಗ ಕೈ ಸೋತು ಇಳಿಸಲೇಬೇಕು. ಎಂಆರ್‌ಐಯಲ್ಲಿ ಕತ್ತಿನ ಸಿ5-ಸಿ6 ಡಿಸ್ಕ್ ಉಬ್ಬಿದೆ ಅಂದರು. ನರದ ಕರೆಂಟ್ ಟೆಸ್ಟ್ ನಾರ್ಮಲ್ ಬಂತು. ಒಬ್ಬ ಡಾಕ್ಟ್ರು ಕೈ ಎತ್ತಿಸಿ ನಾಡಿ ಹಿಡಿದು, "ನಾಡಿ ನಿಂತಿತು, ಇದು ಥೊರಾಸಿಕ್ ಔಟ್‌ಲೆಟ್, ಆಪರೇಷನ್ ಬೇಕಾಗಬಹುದು" ಅಂದರು. ಇನ್ನೊಬ್ಬರು ರಿಪೋರ್ಟ್ ನೋಡಿ ಏನೂ ಇಲ್ಲ ಅಂದರು. ಯಾವ ಟೆಸ್ಟ್ ಮಾಡಿಸಿದರೆ ಗ್ಯಾರಂಟಿಯಾಗಿ ಗೊತ್ತಾಗುತ್ತೆ?

ಉತ್ತರ: ಗ್ಯಾರಂಟಿ ಹೇಳುವ ಒಂದೇ ಒಂದು ಟೆಸ್ಟ್ ಈ ಕಾಯಿಲೆಗೆ ಇಲ್ಲ ತಂಗಿ. ಅದಕ್ಕೇ ಇಬ್ಬರು ಡಾಕ್ಟ್ರು ಎರಡು ಮಾತು ಹೇಳಿದ್ದು. ನನ್ನ ಅನಿಸಿಕೆಯಲ್ಲಿ ಇಬ್ಬರ ಮಾತೂ ಅರ್ಧ ಸರಿ. ನೀವು ಬರೆದ ಲಕ್ಷಣಗಳು ಥೊರಾಸಿಕ್ ಔಟ್‌ಲೆಟ್ ಕಡೆಗೇ, ಅಂದರೆ ಕತ್ತಿನಿಂದ ಕೈಗೆ ಇಳಿಯುವ ನರ ಅಥವಾ ರಕ್ತನಾಳ ದಾರಿಯ ಇಕ್ಕಟ್ಟಿನಲ್ಲಿ ಒತ್ತಿಕೊಳ್ಳುವ ಕಾಯಿಲೆಯ ಕಡೆಗೇ ಕೈ ತೋರಿಸುತ್ತಿವೆ. ಆದರೆ ಹಾಗೆ ಹೇಳಲು ನಾಡಿ ನಿಂತಿದ್ದು ಕಾರಣವಲ್ಲ. ಕಾರಣ ನಿಮ್ಮ ಕಿರುಬೆರಳು ಮತ್ತು ಜಡೆ.

ಮೊದಲು ಒಳಗೆ ಏನಿದೆ ಅಂತ ನೋಡೋಣ. ಕತ್ತಿನಿಂದ ಹೊರಟ ಐದು ನರಗಳು ಒಂದಕ್ಕೊಂದು ಹೆಣೆದುಕೊಂಡು ಕೈಗೆ ಇಳಿಯುತ್ತವೆ. ಆ ದಾರಿಯಲ್ಲಿ ಮೂರು ಇಕ್ಕಟ್ಟಿನ ಜಾಗಗಳಿವೆ. ಮೊದಲನೆಯದು ಕತ್ತಿನ ಪಕ್ಕದಲ್ಲಿ. ಅಲ್ಲಿ ಸ್ಕೇಲೀನ್ ಎಂಬ ಎರಡು ಸ್ನಾಯುಗಳ ಸಂದಿನಲ್ಲಿ ನರಗಳೂ ಕೈಗೆ ರಕ್ತ ಒಯ್ಯುವ ದೊಡ್ಡ ನಾಳವೂ ತೂರಿ ಹೋಗುತ್ತವೆ. ಕೆಳಗೆ ನೆಲದಂತೆ ಮೊದಲನೇ ಪಕ್ಕೆಲುಬು ಇರುತ್ತದೆ. ಎರಡನೆಯದು ಕಾಲರ್ ಮೂಳೆಗೂ ಆ ಪಕ್ಕೆಲುಬಿಗೂ ನಡುವಿನ ಸಂದು. ಕೈಯಿಂದ ರಕ್ತ ವಾಪಸ್ ತರುವ ನಾಳ ಹೆಚ್ಚಾಗಿ ಒತ್ತಿಕೊಳ್ಳುವುದು ಇಲ್ಲಿ. ಮೂರನೆಯದು ಎದೆಯ ಮೇಲ್ಭಾಗದಲ್ಲಿ, ಭುಜದ ಹತ್ತಿರ, ಪೆಕ್ಟೊರಾಲಿಸ್ ಮೈನರ್ ಎಂಬ ಚಿಕ್ಕ ಸ್ನಾಯುವಿನ ಕೆಳಗೆ. ಕೈಯನ್ನು ತಲೆಗಿಂತ ಮೇಲೆ ಎತ್ತಿದಾಗ ನರಗಳು ಆ ಸ್ನಾಯುವಿಗೆ ಸುತ್ತು ಹಾಕಿದ ಹಾಗೆ ಎಳೆದುಕೊಳ್ಳುತ್ತವೆ. ಮೇಲಿನ ಸಾಲಿಂದ ಸೀರೆ ಇಳಿಸುವಾಗ ನಿಮ್ಮ ಕೈ ಇರುವುದು ಸರಿಯಾಗಿ ಅದೇ ಭಂಗಿಯಲ್ಲಿ.

ಐದು ನರಗಳಲ್ಲಿ ಕೆಳಗಿನ ಎರಡು ಪಕ್ಕೆಲುಬಿನ ಮೇಲೆಯೇ ಹಾದು ಹೋಗುವುದರಿಂದ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅವೇ. ಕಿರುಬೆರಳು, ಉಂಗುರ ಬೆರಳು ಮತ್ತು ಮೊಣಕೈ ಕೆಳಗಿನ ಒಳಪಕ್ಕಕ್ಕೆ ಸ್ಪರ್ಶ ಕೊಡುವುದೂ ಆ ಎರಡೇ. ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದ ಮಾತು "ಮೊಣಕೈ ಕೆಳಗಿನ ಒಳಪಕ್ಕ". ಮೊಣಕೈ ಹತ್ತಿರ ಅಲ್ನಾರ್ ನರ ಒತ್ತಿಕೊಂಡರೂ ಕಿರುಬೆರಳು ಜೋಮು ಹಿಡಿಯುತ್ತದೆ. ಆದರೆ ಆ ಜೋಮು ಮಣಿಕಟ್ಟಿನ ಹತ್ತಿರಕ್ಕೆ ಬಂದು ನಿಲ್ಲುತ್ತದೆ, ಮೇಲಕ್ಕೆ ಏರುವುದಿಲ್ಲ. ಏಕೆಂದರೆ ಮೇಲಿನ ಚರ್ಮಕ್ಕೆ ಬೇರೆಯೇ ಒಂದು ನರ ಇದೆ, ಅದು ಬಗಲಿನ ಹತ್ತಿರವೇ ಕವಲೊಡೆದು ಬಂದಿರುತ್ತದೆ. ಬೆರಳಿಗೂ ಮೊಣಕೈ ಕೆಳಗಿನ ಒಳಪಕ್ಕಕ್ಕೂ ಜೋಮು ಇದೆ ಎಂದರೆ ಒತ್ತಡ ಮೊಣಕೈಗಿಂತ ಮೇಲೆ ಇರಬೇಕು, ಅಲ್ವಾ?

ಈಗ ಎಂಆರ್‌ಐ. ಸಿ5-ಸಿ6 ಡಿಸ್ಕ್ ಉಬ್ಬಿದರೆ ಒತ್ತಿಕೊಳ್ಳುವುದು ಕತ್ತಿನ ಸಿ6 ನರ. ಅದು ಹೆಬ್ಬೆರಳು, ತೋರುಬೆರಳಿನ ಕಡೆಯದು. ನಿಮ್ಮ ತೊಂದರೆ ಕೈಯ ಇನ್ನೊಂದು ಅಂಚಿನಲ್ಲಿದೆ. ಕತ್ತಿನಿಂದಲೇ ಬಂದಿದ್ದರೆ ಅದಕ್ಕಿಂತ ಎರಡು ಡಿಸ್ಕ್ ಕೆಳಗೆ, ಸಿ7-ಟಿ1 ಹತ್ತಿರ ಏನಾದರೂ ಕಾಣಬೇಕಿತ್ತು. ಆ ಜಾಗವನ್ನು ಇನ್ನೊಮ್ಮೆ ನೋಡಲು ನಿಮ್ಮ ಡಾಕ್ಟ್ರಿಗೆ ಹೇಳಿ. ಕತ್ತು ಹಿಂದಕ್ಕೆ ಬಾಗಿಸಿ ಬಲಕ್ಕೆ ವಾಲಿಸಿದರೆ ಕೈಗೆ ನೋವು ಹರಿಯುತ್ತದೆಯಾ ಅಂತಲೂ ಅವರು ಪರೀಕ್ಷಿಸಬೇಕು. ಯಾವ ತೊಂದರೆಯೂ ಇಲ್ಲದ ಎಷ್ಟೋ ಜನರ ಎಂಆರ್‌ಐಯಲ್ಲಿ ಉಬ್ಬಿದ ಡಿಸ್ಕ್ ಕಾಣುತ್ತದೆ. ಬರೀ ಚಿತ್ರ ನೋಡಿ ಹೆದರಬೇಡಿ.

ಇನ್ನು ನಾಡಿಯ ವಿಷಯ. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಲೇಬೇಕು. ಇಲ್ಲಿ ಆಗುವ ತಪ್ಪಿನಿಂದ ಬೇಡದ ಆಪರೇಷನ್‌ವರೆಗೂ ಹೋದವರನ್ನು ನೋಡಿ ನನಗೆ ಬೇಜಾರಾಗಿದೆ. 1927ರಲ್ಲಿ ಆಡ್ಸನ್ ಎಂಬ ಸರ್ಜನ್ ಬರೆದ ಪರೀಕ್ಷೆ ಇದೆ. ಕೂತುಕೊಂಡು ಉಸಿರು ಎಳೆದು ಹಿಡಿದು, ಗದ್ದ ಮೇಲೆತ್ತಿ ನೋವಿರುವ ಕಡೆಗೆ ಮುಖ ತಿರುಗಿಸಬೇಕು. ಡಾಕ್ಟ್ರು ಮಣಿಕಟ್ಟಿನ ನಾಡಿ ಹಿಡಿದು ಅದು ಸಣ್ಣಗಾಗುತ್ತದೆಯಾ ಎಂದು ನೋಡುತ್ತಾರೆ. ಇದು ಮೊದಲನೇ ಇಕ್ಕಟ್ಟನ್ನು ಬಿಗಿಸುತ್ತದೆ. ಭುಜ ಹಿಂದಕ್ಕೆ ಕೆಳಕ್ಕೆ ಎಳೆದು, ಪರೇಡಿಗೆ ನಿಂತ ಹಾಗೆ ಎದೆ ಮುಂದೆ ಮಾಡಿದರೆ ಎರಡನೆಯದು ಬಿಗಿಯುತ್ತದೆ. ಕೈಯನ್ನು ಪಕ್ಕದಿಂದ ಮೇಲಕ್ಕೆ ಪೂರ್ತಿ ಎತ್ತುವುದು ಮೂರನೆಯದಕ್ಕೆ, ಅದನ್ನು ರೈಟ್ ಪರೀಕ್ಷೆ ಎನ್ನುತ್ತಾರೆ. ನಿಮಗೆ ಮಾಡಿದ್ದು ಇದೇ ಇರಬೇಕು.

ಈ ಭಂಗಿಗಳಲ್ಲಿ ಆರೋಗ್ಯವಂತರ ನಾಡಿಯೂ ಸಣ್ಣಗಾಗುತ್ತದೆ, ಕೆಲವರದು ಪೂರ್ತಿ ನಿಲ್ಲುತ್ತದೆ. ನಿಮ್ಮ ಅಂಗಡಿಯಲ್ಲಿ ಕೈನೋವೇ ಇಲ್ಲದ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ಕೈ ಎತ್ತಿಸಿದರೂ ಅಂಥ ಒಬ್ಬಿಬ್ಬರು ಸಿಗಬಹುದು. ಮೇಲಾಗಿ ನಾಡಿ ಹೇಳುವುದು ರಕ್ತನಾಳದ ಸುದ್ದಿ. ಈ ಕಾಯಿಲೆ ಇರುವ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನರಲ್ಲಿ ಒತ್ತಿಕೊಂಡಿರುವುದು ನರ, ರಕ್ತನಾಳ ಅಲ್ಲ. ಹಾಗಾಗಿ ಕೈ ಎತ್ತಿಸಿದ ಮೇಲೆ ಕೇಳಬೇಕಾದ ಪ್ರಶ್ನೆ "ನಾಡಿ ನಿಂತಿತಾ?" ಅಂತ ಅಲ್ಲ. "ಜಡೆ ಹಾಕುವಾಗ ಆಗುವ ಅದೇ ಜೋಮು, ಅದೇ ಬೆರಳಿಗೆ ಬಂತಾ?" ಅಂತ.

ಈ ಪ್ರಶ್ನೆಗೆ ಇದ್ದುದರಲ್ಲಿ ಚೆನ್ನಾಗಿ ಉತ್ತರ ಕೊಡುವುದು ರೂಸ್ ಪರೀಕ್ಷೆ. ಎರಡೂ ಕೈಯನ್ನು ಪಕ್ಕಕ್ಕೆ ಭುಜದ ಮಟ್ಟಕ್ಕೆ ಎತ್ತಿ, ಮೊಣಕೈ ಮಡಚಿ, ಅಂಗೈ ಮುಂದೆ ಮಾಡಿ, ನಿಧಾನವಾಗಿ ಮುಷ್ಟಿ ಬಿಗಿಯುತ್ತಾ ಬಿಡುತ್ತಾ 3 ನಿಮಿಷ ಇರಬೇಕು. ಸಾಮಾನ್ಯರಿಗೆ ಭುಜ ಸೋಲುತ್ತದೆ, ಅಷ್ಟೇ. ಈ ಕಾಯಿಲೆ ಇದ್ದವರಿಗೆ ಬೆರಳು ಜೋಮು ಹಿಡಿದು, ಕೈ ಭಾರವಾಗಿ, ಎಷ್ಟೋ ಸಲ ಒಂದು ನಿಮಿಷ ಕಳೆಯುವುದರೊಳಗೆ ಕೈ ತಾನಾಗಿ ಇಳಿದುಬಿಡುತ್ತದೆ. ಆದರೆ ಇದೂ ಮೋಸ ಮಾಡುತ್ತದೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್ ತೊಂದರೆ ಇದ್ದವರಿಗೂ ಇದರಲ್ಲಿ ಜೋಮು ಬರುತ್ತದೆ, ಅವರಿಗೆ ಹೆಬ್ಬೆರಳು ಮತ್ತು ಮಧ್ಯದ ಬೆರಳಿನ ಕಡೆಗೆ. ಆದ್ದರಿಂದ ಯಾವ ಬೆರಳು ಎಂಬುದನ್ನು ನೀವು ಸರಿಯಾಗಿ ಹೇಳಬೇಕು, ಡಾಕ್ಟ್ರು ಸರಿಯಾಗಿ ಕೇಳಬೇಕು. ಕಾಲರ್ ಮೂಳೆಯ ಮೇಲಿನ ಗುಂಡಿಯಲ್ಲಿ ಅಥವಾ ಭುಜದ ಮುಂದೆ ಎದೆಯ ಮೇಲೆ ಬೆರಳಿಂದ ಒತ್ತಿದಾಗ ಅದೇ ಜೋಮು ಕೈಗೆ ಹರಿದರೆ ನನಗೆ ನಂಬಿಕೆ ಇನ್ನೂ ಹೆಚ್ಚುತ್ತದೆ. ಎಲ್ಲಿ ಒತ್ತಿದರೆ ಬರುತ್ತದೆ ಎಂಬುದು ಯಾವ ಇಕ್ಕಟ್ಟು ಎಂಬುದಕ್ಕೂ ಸುಳಿವು.

ಕರೆಂಟ್ ಟೆಸ್ಟ್ ನಾರ್ಮಲ್ ಬಂದಿದ್ದಕ್ಕೆ "ಏನೂ ಇಲ್ಲ" ಎನ್ನುವುದು ಯಾಕೆ ಸರಿಯಲ್ಲ ಎಂದು ಒಬ್ಬ ರೋಗಿಯ ಕಥೆಯಿಂದ ಹೇಳುತ್ತೇನೆ. ಚಿತ್ರದುರ್ಗದ ಕಡೆಯ ಒಬ್ಬ ಪೇಂಟರ್. ವರ್ಷಾನುಗಟ್ಟಲೆ ಮನೆಗಳ ಚಾವಣಿಗೆ ಬಣ್ಣ ಬಳಿದವರು. ಬಲಗೈ ಕಿರುಬೆರಳಿನ ಕಡೆ ಜೋಮು ಎಂದು ತೋರಿಸಿದಾಗ ಮೊದಲ ಟೆಸ್ಟ್ ನಾರ್ಮಲ್ ಬಂದಿತ್ತು. ಎರಡು ವರ್ಷ ಸುಮ್ನೆ ಇದ್ದರು. ನಂತರ ಹೆಬ್ಬೆರಳಿನ ಬುಡದ ಮಾಂಸ ಕರಗತೊಡಗಿತು. ಬೇರೆ ಕಡೆ ಕಾರ್ಪಲ್ ಟನಲ್ ಎಂದು ಮಣಿಕಟ್ಟಿಗೆ ಆಪರೇಷನ್ ಆಯಿತು. ಏನೂ ಉಪಯೋಗವಾಗಲಿಲ್ಲ. ನನ್ನ ಹತ್ತಿರ ಬಂದಾಗ ಅಂಗಿಯ ಗುಂಡಿ ಹಾಕಲು ಹೆಬ್ಬೆರಳು ಬಿಟ್ಟು ಬೇರೆ ಎರಡು ಬೆರಳಿನಿಂದ ಒದ್ದಾಡುತ್ತಿದ್ದರು. ಹೆಬ್ಬೆರಳಿನ ಬುಡ ಬೆಟ್ಟು ಇಟ್ಟರೆ ಕೂರುವಷ್ಟು ಗುಳಿ ಬಿದ್ದಿತ್ತು. ಆದರೆ ಹೆಬ್ಬೆರಳಿನ ಸ್ಪರ್ಶ ಮಾತ್ರ ಪೂರ್ತಿ ಚೆನ್ನಾಗಿತ್ತು, ಮಂದವಾಗಿದ್ದುದು ಕಿರುಬೆರಳು. ಮಾಂಸ ಕರಗಿದ್ದು ಒಂದು ಅಂಚಿನಲ್ಲಿ, ಸ್ಪರ್ಶ ಹೋಗಿದ್ದು ಇನ್ನೊಂದು ಅಂಚಿನಲ್ಲಿ. ಕಾರ್ಪಲ್ ಟನಲ್‌ನಲ್ಲಿ ಹೀಗೆ ಆಗುವುದಿಲ್ಲ. 1970ರಲ್ಲಿ ಗಿಲಿಯಟ್ ಎಂಬ ನರರೋಗ ತಜ್ಞರು ಮತ್ತು ಅವರ ಜೊತೆಯವರು ಈ ಕಾಯಿಲೆಯಲ್ಲಿ ವಿವರಿಸಿದ ಕೈ ಇದೇ.

ಅವರಿಗೆ ಮತ್ತೆ ಕರೆಂಟ್ ಟೆಸ್ಟ್ ಮಾಡಿಸಿದಾಗ ಮೊಣಕೈ ಕೆಳಗಿನ ಒಳಪಕ್ಕದ ಚರ್ಮದ ನರದ ಸಿಗ್ನಲ್ ಬರಲೇ ಇಲ್ಲ. ಮೊದಲ ಸಲ ಆ ನರವನ್ನು ಯಾರೂ ಪರೀಕ್ಷಿಸಿರಲಿಲ್ಲ. ಕತ್ತಿನ ಎಕ್ಸ್‌ರೇಯಲ್ಲಿ ಏಳನೇ ಮೂಳೆಯ ಪಕ್ಕದ ಕೊಂಬು ಉದ್ದವಾಗಿತ್ತು. ಆಪರೇಷನ್‌ನಲ್ಲಿ ಆ ತುದಿಯಿಂದ ಮೊದಲನೇ ಪಕ್ಕೆಲುಬಿಗೆ ಕಟ್ಟಿದ್ದ ದಾರದಂಥ ಗಟ್ಟಿ ಪಟ್ಟಿ ಸಿಕ್ಕಿತು. ಇಂಥ ಪಟ್ಟಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಎಂಆರ್‌ಐಯಲ್ಲೂ ಎಷ್ಟೋ ಸಲ ತಪ್ಪಿಹೋಗುತ್ತದೆ. ಪಟ್ಟಿ ಕತ್ತರಿಸಿದ ಮೇಲೆ ನೋವು, ಜೋಮು ಇಳಿದವು. ಕರಗಿದ ಮಾಂಸ ಮಾತ್ರ ವಾಪಸ್ ಬರಲಿಲ್ಲ.

ಕರೆಂಟ್ ಟೆಸ್ಟ್ ಎಂದರೆ ಮಲಗಿಸಿ, ಕೈ ಸಡಿಲ ಬಿಟ್ಟು ಮಾಡುವ ಟೆಸ್ಟ್. ನಿಮಗೆ ಕೈ ಎತ್ತಿದಾಗ ಮಾತ್ರ ನರ ಒತ್ತಿಕೊಳ್ಳುತ್ತಿದ್ದರೆ, ಇಳಿಸಿದ ಕೈಯಲ್ಲಿ ಕರೆಂಟ್ ಸರಾಗವಾಗಿ ಹರಿಯುತ್ತದೆ. ನರದ ಎಳೆಗಳು ಸಾಯತೊಡಗಿದ ಮೇಲೆ ಮಾತ್ರ ರಿಪೋರ್ಟ್ ಕೆಡುತ್ತದೆ. ಅದಕ್ಕೇ ಈ ಟೆಸ್ಟ್ ಕೆಟ್ಟರೆ ಬೆಲೆ ಜಾಸ್ತಿ, ನಾರ್ಮಲ್ ಬಂದರೆ ಕಡಿಮೆ. ಮೊಣಕೈ, ಮಣಿಕಟ್ಟಿನ ತೊಂದರೆ ಇಲ್ಲ ಎಂದು ತಿಳಿಯಲು ಅದು ಒಳ್ಳೆಯದೇ. ಕೈ ಎತ್ತಿಸಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನಿಗೂ ನಾಡಿಯದೇ ದೋಷ, ಆರೋಗ್ಯವಂತರಲ್ಲೂ ನಾಳ ಚಪ್ಪಟೆಯಾಗುತ್ತದೆ. ಸ್ಕೇಲೀನ್ ಸ್ನಾಯುವಿಗೆ ಸ್ಕ್ಯಾನ್ ನೋಡುತ್ತಾ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಆಮೇಲೆ ರೂಸ್ ಪರೀಕ್ಷೆ ಸಲೀಸಾಯಿತಾ ಎಂದೂ ನೋಡುತ್ತಾರೆ. ಔಷಧ ಪಕ್ಕದ ನರಕ್ಕೇ ಹರಿದರೆ ಬೇರೆ ಕಾರಣದ ನೋವೂ ಇಳಿಯುತ್ತದೆ ಎಂಬುದು ಅದರ ಕೊರತೆ.

ನಿಮಗೆ ಈಗ ಬೇಕಾಗಿರುವುದು ಕತ್ತಿನ ಒಂದು ಎಕ್ಸ್‌ರೇ ಮತ್ತು ಎದೆಯ ಒಂದು ಎಕ್ಸ್‌ರೇ. ಕತ್ತಿನದು ಹೆಚ್ಚುವರಿ ಪಕ್ಕೆಲುಬು ಅಥವಾ ಉದ್ದ ಕೊಂಬು ಇದೆಯಾ ಎಂದು ನೋಡಲು. ಹೆಚ್ಚುವರಿ ಪಕ್ಕೆಲುಬು ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಇರುತ್ತದೆ, ಅವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ತೊಂದರೆಯೇ ಇಲ್ಲ. ಆದ್ದರಿಂದ ಅದು ಕಂಡ ಕೂಡಲೇ ತೆಗೆಸಬೇಕು ಅಂತಲೂ ಇಲ್ಲ. ಎದೆಯದು ಶ್ವಾಸಕೋಶದ ತುದಿಯಲ್ಲಿ ಗಡ್ಡೆ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಅದೂ ಇದೇ ನರಗಳನ್ನು ಒತ್ತುತ್ತದೆ.

ಎಕ್ಸ್‌ರೇ ಸರಿ ಇದ್ದು, ಮಾಂಸ ಕರಗಿಲ್ಲದಿದ್ದರೆ ಆಪರೇಷನ್ ಮಾತು ಈಗ ಬೇಡ. ಮೂರು ತಿಂಗಳು ಈ ತೊಂದರೆ ಗೊತ್ತಿರುವ ಫಿಸಿಯೋಥೆರಪಿಸ್ಟ್ ಹತ್ತಿರ ಹೋಗಿ. ಅಂಗಡಿಯಲ್ಲಿ ಒಂದು ಗಟ್ಟಿ ಸ್ಟೂಲ್ ಕೇಳಿ, ಅದರ ಮೇಲೆ ನಿಂತರೆ ಮೇಲಿನ ಸಾಲು ನಿಮ್ಮ ಎದೆಯ ಮಟ್ಟಕ್ಕೆ ಬರಬೇಕು. ಬಲಗೈ ತಲೆಯ ಮೇಲಿಟ್ಟು ಮಲಗಬೇಡಿ, ಬ್ಯಾಗಿನ ಪಟ್ಟಿಯನ್ನು ಬಲಭುಜಕ್ಕೆ ಹಾಕಬೇಡಿ.

ಮೂರು ಸಂದರ್ಭಗಳಲ್ಲಿ ಮಾತ್ರ ಕಾಯಬೇಡಿ. ಕೈ ಪೂರ್ತಿ ಊದಿ ನೀಲಿಯಾದರೆ ವಾಪಸ್ ಬರುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬೆರಳು ಬಿಳಿಚಿ ತಣ್ಣಗಾದರೆ ಬೆರಳಿಗೆ ರಕ್ತ ಹೋಗುವುದು ನಿಂತಿರಬಹುದು. ಇವೆರಡಕ್ಕೂ ಅದೇ ದಿನ ಆಸ್ಪತ್ರೆಗೆ ಹೋಗಿ. ಹೆಬ್ಬೆರಳಿನ ಬುಡ ಎಡಗೈಗಿಂತ ಚಪ್ಪಟೆ ಕಂಡರೆ ಆ ವಾರದಲ್ಲೇ ತೋರಿಸಿ, ಮೊಣಕೈ ಕೆಳಗಿನ ಒಳಪಕ್ಕದ ಚರ್ಮದ ನರವನ್ನೂ ಸೇರಿಸಿ ಕರೆಂಟ್ ಟೆಸ್ಟ್ ಮಾಡಿಸಿ. ಆ ನರವನ್ನೂ ನೋಡಬೇಕೆಂದು ಚೀಟಿಯಲ್ಲಿ ಬರೆಸಿಕೊಂಡೇ ಹೋಗಿ.