10 ವರ್ಷದ ವಾಷಿಂಗ್ ಮೆಷಿನ್: ರಿಪೇರಿಯೋ, ಹೊಸದೋ?

ಪ್ರಶ್ನೆ: ನಮ್ಮ ಫ್ರಂಟ್ ಲೋಡ್ ಮೆಷಿನ್‌ಗೆ 10 ವರ್ಷ. ಮೋಟರ್ ಅಥವಾ ಬೋರ್ಡ್ ಹೋಗಿದೆ ಅಂತಾರೆ. ರಿಪೇರಿ ಮಾಡಿಸಲಾ, ಹೊಸದು ತಗೊಳ್ಳಲಾ?

ದುಡ್ಡು ಕೊಡುವ ಮೊದಲು ಡ್ರಮ್ ನೋಡಿ. ಪ್ಲಗ್ ತೆಗೆದು, ಬಾಗಿಲು ತೆರೆದು, ಒಳಗಿನ ಡ್ರಮ್ಮಿನ ಅಂಚು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಹೊರಗಿನ ಟಬ್ ಕೂಡ ಜೊತೆಗೇ ಅಲ್ಲಾಡಿದರೆ ಸರಿ, ಅದು ಸ್ಪ್ರಿಂಗ್ ಮೇಲೆ ನೇತಾಡುತ್ತಿರುತ್ತದೆ. ಒಳಗಿನದು ಮಾತ್ರ ಲೊಡಲೊಡ ಅಂದರೆ, ಕೈಯಲ್ಲಿ ತಿರುಗಿಸಿದಾಗ ಗರಗರ ಅಂದರೆ, ಬೇರಿಂಗ್ ಸವೆದಿದೆ. ಎಷ್ಟೋ ಮಾಡೆಲ್‌ಗಳಲ್ಲಿ ಟಬ್ ಬೆಸೆದೇ ಬಂದಿರುತ್ತದೆ, ಬೇರಿಂಗ್‌ಗಾಗಿ ಇಡೀ ಟಬ್ ಬದಲಿಸಬೇಕು. ಅಂಥ ಮೆಷಿನ್‌ಗೆ ಹೊಸ ಬೋರ್ಡ್ ಹಾಕಿಸಬೇಡಿ. ಹೊಸ ಮೆಷಿನ್ನೇ ತಗೊಳ್ಳಿ.

ಡ್ರಮ್ ಗಟ್ಟಿಯಿದ್ದರೆ ರಿಪೇರಿ ಮಾಡಿಸಿ. ನೀರು ತುಂಬಿ ಡ್ರಮ್ ತಿರುಗದಿದ್ದರೆ, ಬೆಲ್ಟ್ ಇರುವ ಹಳೇ ಮೋಟರ್‌ನಲ್ಲಿ ಬಹಳ ಸಲ ಸವೆದಿರುವುದು ಕಾರ್ಬನ್ ಬ್ರಷ್ ಅಷ್ಟೇ. ಅದು ಸಣ್ಣ ಖರ್ಚು. ಮೋಟರ್ ಬದಲಿಸಿ ಅಂದರೆ ಮೊದಲು ಬ್ರಷ್ ತೆಗೆದು ತೋರಿಸಿ ಅನ್ನಿ.

ಬೆಂಗಳೂರಿನ ವಿಜಯನಗರದ ನಮ್ಮ ಮನೆಯಲ್ಲಿ ಹಾಳಾಗಿದ್ದು ಬೋರ್ಡ್. ಹೊಸದಕ್ಕೆ 9,000 ರೂಪಾಯಿ ಹೇಳಿದರು. ಬಿಚ್ಚಿಸಿಕೊಂಡು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರೋಡ್‌ಗೆ ಒಯ್ದೆ. ಒಂದು ರಿಲೇ ಕಪ್ಪಾಗಿ ಸುಟ್ಟಿತ್ತು. ಅದನ್ನು ಬದಲಿಸಿ 1,800 ತಗೊಂಡರು, ಮೂರು ತಿಂಗಳ ಗ್ಯಾರಂಟಿಯೂ ಕೊಟ್ಟರು. ಬೋರ್ಡ್ ಮೇಲೆ ಅಂಟಿನಂಥ ರಾಳ ಸುರಿದಿದ್ದರೆ ಮಾತ್ರ ಈ ಕೆಲಸ ಕಷ್ಟ. ಆಗ ಹೊಸ ಬೋರ್ಡಿನ ಬೆಲೆ ಹೊಸ ಮೆಷಿನ್ನಿನ ಮೂರನೇ ಒಂದು ಪಾಲು ದಾಟಿದರೆ ನಾನಂತೂ ಹಾಕಿಸುವುದಿಲ್ಲ.

ನಿಮ್ಮದು ಬೋರ್‌ವೆಲ್ ನೀರಾ? ಹಾಗಿದ್ದರೆ ಹೀಟರ್ ಮೇಲೆ ಕಟ್ಟಿರುವ ಬಿಳಿ ಪದರವನ್ನೂ ಅದೇ ದಿನ ನೋಡಿಸಿ.