ರಿಮೋಟ್ ಆ್ಯಪ್‌ಗೆ ಟಿವಿ ಕಾಣದಿದ್ದರೆ

"ಫೋನು, ಟಿವಿ ಎರಡರಲ್ಲೂ ನೆಟ್ ಓಡುತ್ತೆ, ಆದ್ರೆ ರಿಮೋಟ್ ಆ್ಯಪ್‌ಗೆ ಟಿವಿ ಸಿಗ್ತಿಲ್ಲ. ಹಾಲ್‌ನಲ್ಲಿ ಫೈಬರ್ ಬಾಕ್ಸ್ ಇದೆ, ರೂಮಿಗೆ ಬೇರೆ ರೌಟರ್ ಹಾಕಿದೀವಿ."

ಬಹುಶಃ ಆ ಎರಡನೇ ರೌಟರೇ ಕಾರಣ. ಆ್ಯಪ್ ತಾನಿರುವ ನೆಟ್‌ವರ್ಕಿನಲ್ಲಿ "ಟಿವಿ ಯಾರಾದ್ರೂ ಇದ್ದೀರಾ?" ಅಂತ ಎಲ್ಲರಿಗೂ ಕೂಗಿ ಕೇಳುತ್ತೆ. ಆ ಕೂಗನ್ನು ರೌಟರ್ ತನ್ನಿಂದಾಚೆ ಬಿಡಲ್ಲ. ಇಂಟರ್ನೆಟ್‌ಗೆ ಈ ಕೂಗು ಬೇಕಿಲ್ಲ, ಅದಕ್ಕೇ ಅದು ಓಡುತ್ತೆ.

ಮೊದಲು ಎರಡರ ಐಪಿ ವಿಳಾಸ ನೋಡಿ: ಫೋನಿನಲ್ಲಿ ವೈಫೈ ಹೆಸರು ಒತ್ತಿದರೆ, ಟಿವಿಯಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ಸ್‌ನಲ್ಲಿ ಸಿಗುತ್ತೆ. ಫೋನಿನದು 192.168.0.12, ಟಿವಿಯದು 192.168.1.7 ಅಂತಿದ್ದರೆ, ಮೂರನೇ ಅಂಕಿ ಬೇರೆಯಾದ್ದರಿಂದ ಅವು ಬೇರೆ ಬೇರೆ ನೆಟ್‌ವರ್ಕಿನಲ್ಲಿವೆ ಅಂತಲೇ ಲೆಕ್ಕ. ಸದ್ಯಕ್ಕೆ ಫೋನನ್ನು ಟಿವಿ ಇರೋ ವೈಫೈಗೇ ಸೇರಿಸಿ ನೋಡಿ. ಆಗ ಸಿಕ್ಕರೆ, ರೂಮಿನ ರೌಟರಿನ ಸೆಟ್ಟಿಂಗ್ಸ್‌ನಲ್ಲಿ Access Point ಮೋಡ್ ಆರಿಸಿ, ಟಿವಿ, ಫೋನು ಎರಡನ್ನೂ ಆಫ್ ಮಾಡಿ ಆನ್ ಮಾಡಿ. ಇನ್ನು ಮುಂದೆ ಎಲ್ಲಕ್ಕೂ ಫೈಬರ್ ಬಾಕ್ಸೇ ವಿಳಾಸ ಕೊಡುತ್ತೆ.

ಅಂಕಿ ಒಂದೇ ಇದ್ದೂ ಸಿಗದಿದ್ದರೆ, ನನ್ನ ಅನುಮಾನ ಗೆಸ್ಟ್ ವೈಫೈ ಮೇಲೆ, ಇಲ್ಲವೇ ಒಂದೇ ವೈಫೈನಲ್ಲಿರೋ ಸಾಧನಗಳು ಒಂದಕ್ಕೊಂದು ಕಾಣದಂತೆ ತಡೆಯೋ AP Isolation ಮೇಲೆ. ಎರಡನೆಯದನ್ನು ರೌಟರಿನ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ಐಫೋನ್ ಆದರೆ ರಿಮೋಟ್ ಆ್ಯಪ್‌ಗೆ Local Network ಅನುಮತಿ ಇದೆಯಾ ಅಂತಲೂ ನೋಡಿ.